ಕೆಲಸ ಕೊಡುವವರೇ ಹಣ ಕೇಳಿದರೆ: ನಕಲಿ ನೇಮಕಾತಿಯನ್ನು ಗುರುತಿಸುವ ಬಗೆ

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳಿರುವ ಮನೆಗಳಿಗೆ ಇತ್ತೀಚೆಗೆ ಒಂದು ಬಗೆಯ ಕರೆ ಬರುತ್ತಿದೆ. ‘ನಿಮ್ಮ ಮಗಳ ಅರ್ಜಿ ಆಯ್ಕೆಯಾಗಿದೆ, ಸಣ್ಣದೊಂದು ನೋಂದಣಿ ಶುಲ್ಕ ಕಟ್ಟಿದರೆ ಆಫರ್ ಲೆಟರ್ ಕಳಿಸುತ್ತೇವೆ’ ಎನ್ನುವ ಕರೆ. ಕೇಳುವ ಮೊತ್ತ ಸಾವಿರ, ಒಂದೂವರೆ ಸಾವಿರ ರೂಪಾಯಿ. ‘ಹೋದರೆ ಅಷ್ಟೇ ತಾನೇ’ ಎಂದು ಮನೆಯವರು ಕಟ್ಟಿಬಿಡುತ್ತಾರೆ. ಮೋಸ ಹಿಡಿಯುವುದು ಅಲ್ಲಿಂದಲೇ.

ಅಂಗಡಿಗೆ ಲೆಕ್ಕ ಬರೆಯುವ ಹುಡುಗನನ್ನು ಸೇರಿಸಿಕೊಳ್ಳುವಾಗ ಯಾವ ಮಾಲೀಕರೂ ಅವನಿಂದ ದುಡ್ಡು ಪಡೆಯುವುದಿಲ್ಲ. ದುಡಿಮೆ ಅವನದು, ಸಂಬಳ ಮಾಲೀಕರದು. ಹಣ ಹರಿಯುವ ದಿಕ್ಕು ಒಂದೇ. ದೊಡ್ಡ ಕಂಪನಿಯಲ್ಲೂ, ಬ್ಯಾಂಕಿನಲ್ಲೂ, ಸರ್ಕಾರಿ ಇಲಾಖೆಯಲ್ಲೂ ಈ ದಿಕ್ಕು ಬದಲಾಗುವುದಿಲ್ಲ. ‘ನೀವು ಆಯ್ಕೆಯಾಗಿದ್ದೀರಿ’ ಎಂದು ಹೇಳಿದ ಮೇಲೆ ಅಭ್ಯರ್ಥಿಯಿಂದ ಹಣ ಕೇಳುವವರು ಯಾರೇ ಇರಲಿ, ಆ ಹಣಕ್ಕೆ ಏನೇ ಹೆಸರಿಡಲಿ, ಅಲ್ಲಿಗೆ ನಿಲ್ಲಿಸಬೇಕು. ಈ ಲೇಖನದ ಉಳಿದ ವಿವರವೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಕರೆ ಮಾಡಿದವರಿಗೆ ನಮ್ಮ ವಿವರ ಹೇಗೆ ಗೊತ್ತು?

ಮೊದಲು ನಂಬಿಕೆ ಹುಟ್ಟಿಸುವುದು ಇದೇ ಸಂಗತಿ. ಕರೆ ಮಾಡಿದವರಿಗೆ ಅಭ್ಯರ್ಥಿಯ ಹೆಸರು, ಓದಿದ ಕಾಲೇಜು, ಪಾಸಾದ ವರ್ಷ, ಊರು ಎಲ್ಲವೂ ಗೊತ್ತಿರುತ್ತದೆ. ‘ಇಷ್ಟೆಲ್ಲ ಗೊತ್ತಿದ್ದ ಮೇಲೆ ಕಂಪನಿಯವರೇ ಇರಬೇಕು’ ಎಂದು ಮನೆಯವರು ಅಂದುಕೊಳ್ಳುತ್ತಾರೆ.

ಈ ವಿವರ ಸಿಗುವುದು ಕಷ್ಟವಲ್ಲ. ಉದ್ಯೋಗ ಜಾಲತಾಣಗಳಲ್ಲಿ ಹಾಕಿದ ಬಯೋಡೇಟಾವನ್ನು ನೇಮಕದಾರರು ನೋಡುವಂತೆಯೇ, ನೇಮಕದಾರರ ಸೋಗಿನಲ್ಲಿ ಖಾತೆ ತೆರೆದವರೂ ನೋಡಬಹುದು. ಹೆಸರುವಾಸಿ ತಾಣದ ಹೆಸರನ್ನೇ ಹೋಲುವ ನಕಲಿ ತಾಣ ಮಾಡಿ ಅರ್ಜಿ ತುಂಬಿಸಿಕೊಳ್ಳುವವರಿದ್ದಾರೆ. ವಾಟ್ಸಾಪ್‌ನಲ್ಲಿ ‘ಕೆಲಸ ಖಾಲಿ ಇದೆ’ ಎಂಬ ಸಂದೇಶ ಹರಿಯಬಿಟ್ಟು, ಬಯೋಡೇಟಾ ಕಳಿಸಿದವರ ಪಟ್ಟಿ ಮಾಡಿಕೊಳ್ಳುವುದೂ ಇದೆ.

ನಮ್ಮ ಸಮಾಜದ ಗುಂಪುಗಳಲ್ಲೂ ಇಂಥ ಸಂದೇಶಗಳು ಬರುತ್ತವೆ. ಹಾಕಿದವರು ಪರಿಚಿತರು, ಒಳ್ಳೆಯ ಉದ್ದೇಶದಿಂದಲೇ ಹಾಕಿರುತ್ತಾರೆ. ಅವರಿಗೂ ಅದು ಬೇರೆ ಗುಂಪಿನಿಂದ ಬಂದಿರುತ್ತದೆ. ಓದಿದವರು ಮಾತ್ರ ‘ನಮ್ಮವರೇ ಹಾಕಿದ್ದಾರೆ’ ಎಂದು ಸಂದೇಶವನ್ನೂ ನಂಬುತ್ತಾರೆ. ಆದ್ದರಿಂದ ನಮ್ಮ ವಿವರ ಗೊತ್ತಿರುವುದಾಗಲಿ, ಪರಿಚಿತರಿಂದ ಸಂದೇಶ ಬಂದಿರುವುದಾಗಲಿ ಕೆಲಸ ನಿಜ ಎಂಬುದಕ್ಕೆ ಸಾಕ್ಷಿಯಲ್ಲ.

ಒಂದು ಉದಾಹರಣೆ: ವಿಮಾನ ನಿಲ್ದಾಣದ ಕೆಲಸ

ಇಂಥ ದೂರುಗಳಲ್ಲಿ ಮತ್ತೆ ಮತ್ತೆ ಕಾಣುವ ಕ್ರಮವನ್ನು ಒಂದು ಉದಾಹರಣೆಯಾಗಿ ಜೋಡಿಸಿ ಇಲ್ಲಿ ಕೊಡಲಾಗಿದೆ. ಮೊತ್ತಗಳು ಹೆಚ್ಚುಕಡಿಮೆ ಆಗಬಹುದು, ಕ್ರಮ ಮಾತ್ರ ಬಹುತೇಕ ಇದೇ.

ದಾವಣಗೆರೆ ಕಡೆಯ ಒಂದು ಮನೆ. ಮಗಳು ಬಿ.ಕಾಂ ಮುಗಿಸಿ ಆರು ತಿಂಗಳಾಗಿದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಸ್ಟಾಫ್ ಕೆಲಸವಿದೆ ಎಂದು ಅವಳಿಗೆ ಕರೆ ಬರುತ್ತದೆ. ತಿಂಗಳಿಗೆ 28,000 ರೂಪಾಯಿ ಸಂಬಳ, ಊಟ ಮತ್ತು ವಸತಿ ಉಚಿತ. ಕರೆ ಮಾಡಿದ ಹೆಣ್ಣುಮಗಳು ‘ಮೇಡಂ’ ಎಂದೇ ಮರ್ಯಾದೆಯಿಂದ ಮಾತಾಡುತ್ತಾಳೆ. ನೋಂದಣಿಗೆ 1,250 ರೂಪಾಯಿ ಕಟ್ಟಿದರೆ ಸಂದರ್ಶನ ನಿಗದಿಯಾಗುತ್ತದೆ ಎನ್ನುತ್ತಾಳೆ. ಮಗಳು ಕಟ್ಟುತ್ತಾಳೆ.

ಮರುದಿನ ಫೋನಿನಲ್ಲೇ ಸಂದರ್ಶನ. ಹೆಸರು, ಓದು, ಇಂಗ್ಲಿಷ್ ಬರುತ್ತದೆಯೇ, ಪಾಳಿಯಲ್ಲಿ ಕೆಲಸ ಮಾಡಬಹುದೇ ಎಂಬ ನಾಲ್ಕು ಪ್ರಶ್ನೆಗಳು, ಹತ್ತು ನಿಮಿಷ. ಸಂಜೆಗೆ ಆಫರ್ ಲೆಟರ್ ಬರುತ್ತದೆ. ಅದರಲ್ಲಿ ವಿಮಾನ ಸಂಸ್ಥೆಯ ಲಾಂಛನ, ದುಂಡನೆಯ ಸೀಲು, ಸಹಿ ಎಲ್ಲವೂ ಇವೆ. ಮನೆಯಲ್ಲಿ ಸಂತೋಷ, ನೆಂಟರಿಗೆಲ್ಲ ಸುದ್ದಿ. ಪತ್ರದ ಕೊನೆಯಲ್ಲಿ ಸಮವಸ್ತ್ರ ಮತ್ತು ಗುರುತಿನ ಚೀಟಿಗೆ 3,850 ರೂಪಾಯಿ ಕಟ್ಟಬೇಕೆಂದು ಬರೆದಿದೆ. ಅದನ್ನೂ ಕಟ್ಟುತ್ತಾರೆ.

ಎರಡು ದಿನ ಬಿಟ್ಟು ತರಬೇತಿಯ ಹೆಸರಿನಲ್ಲಿ 8,500 ಕೇಳುತ್ತಾರೆ. ‘ಇದು ರೀಫಂಡಬಲ್, ಮೊದಲ ಸಂಬಳದ ಜೊತೆ ವಾಪಸ್ ಬರುತ್ತದೆ’ ಎನ್ನುತ್ತಾರೆ. ಆಮೇಲೆ ವಿಮಾನ ನಿಲ್ದಾಣದ ಗೇಟ್ ಪಾಸ್ ಮತ್ತು ಬಾಂಡ್‌ಗೆ 12,600. ಇಲ್ಲಿ ತಂದೆಗೆ ಸಂಶಯ ಬಂದು ‘ಎಷ್ಟು ಸಲ ಕಟ್ಟುವುದು?’ ಎಂದು ಕೇಳುತ್ತಾರೆ. ಫೋನು ‘ಮ್ಯಾನೇಜರ್’ ಕೈಗೆ ಹೋಗುತ್ತದೆ. ‘ಸರ್, ಕಡತ ಮುಗಿಯುವ ಹಂತದಲ್ಲಿದೆ. ಇವತ್ತು ಐದು ಗಂಟೆಯೊಳಗೆ ಕಟ್ಟದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ, ಇದುವರೆಗೆ ಕಟ್ಟಿದ್ದೂ ವಾಪಸ್ ಬರುವುದಿಲ್ಲ’ ಎನ್ನುತ್ತಾನೆ. ಆಗಲೇ 13,600 ಹೋಗಿದೆ. ಅದನ್ನು ಉಳಿಸಿಕೊಳ್ಳಲು ತಂದೆ 12,600 ಕಟ್ಟುತ್ತಾರೆ.

ಕೊನೆಗೆ ‘ರೀಫಂಡ್ ಬಿಡುಗಡೆಗೆ ಜಿ.ಎಸ್.ಟಿ. ಮತ್ತು ಸಂಬಳದ ಖಾತೆಯ ಶುಲ್ಕ’ ಎಂದು 18,900 ಕೇಳುತ್ತಾರೆ. ಅದೂ ಹೋದರೆ ಒಟ್ಟು 45,100 ರೂಪಾಯಿ. ಸೇರಬೇಕಾದ ದಿನ ಮಗಳು ಬೆಂಗಳೂರಿಗೆ ಹೋಗಿ ವಿಮಾನ ನಿಲ್ದಾಣದ ಬಾಗಿಲಲ್ಲಿ ಪತ್ರ ತೋರಿಸುತ್ತಾಳೆ. ಆ ಹೆಸರಿನ ನೇಮಕಾತಿಯೇ ಇಲ್ಲ ಎಂದು ತಿಳಿಯುವುದು ಅಲ್ಲಿ. ಅಷ್ಟರಲ್ಲಿ ಫೋನು ಸ್ವಿಚ್ ಆಫ್.

ಎಲ್ಲೆಲ್ಲಿ ಗೊತ್ತಾಗಬೇಕಿತ್ತು?

ಈ ಉದಾಹರಣೆಯಲ್ಲಿ ಯಾರೂ ಒಂದೇ ಸಲಕ್ಕೆ 45,000 ಕೇಳಲಿಲ್ಲ. ಕೇಳಿದ್ದರೆ ಆ ತಂದೆ ಖಂಡಿತ ಕೊಡುತ್ತಿರಲಿಲ್ಲ. ಮೊದಲ ಕಂತು ಚಿಕ್ಕದು, ಆಮೇಲಿನ ಪ್ರತಿ ಕಂತೂ ಹಿಂದಿನದಕ್ಕಿಂತ ದೊಡ್ಡದು. ಎರಡನೇ ಕಂತಿನಿಂದಾಚೆ ಮನೆಯವರು ಹಣ ಕಟ್ಟುವುದು ಕೆಲಸಕ್ಕಾಗಿ ಅಲ್ಲ, ಕಟ್ಟಿದ ಹಣ ಮುಳುಗಬಾರದೆಂದು. ವ್ಯಾಪಾರದಲ್ಲಿ ಬಾಕಿ ನಿಂತ ಗಿರಾಕಿಗೆ ಹಳೆ ಬಾಕಿ ಬರಲೆಂದು ಮತ್ತೆ ಉದ್ರಿ ಕೊಟ್ಟ ಹಾಗೆ ಇದು. ಮೊದಲ 1,250ರಲ್ಲೇ ನಿಲ್ಲಿಸಿದ್ದರೆ ನಷ್ಟ ಅಷ್ಟಕ್ಕೇ ಮುಗಿಯುತ್ತಿತ್ತು.

ಮೊತ್ತಗಳನ್ನೂ ಗಮನಿಸಬೇಕು. 3,850, 12,600 ಎಂಬ ಬಿಡಿ ಅಂಕಿಗಳು ಯಾವುದೋ ಕಚೇರಿಯಲ್ಲಿ ಲೆಕ್ಕ ಹಾಕಿದಂತೆ ಕಾಣುತ್ತವೆ. ಸರಿಯಾಗಿ 4,000 ಕೇಳಿದರೆ ಲಂಚದಂತೆ ಕಾಣುತ್ತದೆ, 3,850 ಕೇಳಿದರೆ ಶುಲ್ಕದಂತೆ ಕಾಣುತ್ತದೆ.

ಮುಖ್ಯ ಗುರುತು ‘ರೀಫಂಡಬಲ್’ ಎಂಬ ಪದ. ವಾಪಸ್ ಕೊಡುವ ಹಣವನ್ನು ಕಂಪನಿ ಪಡೆಯುವುದಾದರೂ ಏಕೆ? ನಿಜವಾದ ಕಂಪನಿಗೆ ಸಮವಸ್ತ್ರದ ಖರ್ಚನ್ನೋ ಬೇರೇನನ್ನೋ ವಸೂಲು ಮಾಡುವುದಿದ್ದರೆ ನಿಯಮದ ಪ್ರಕಾರ ಸಂಬಳದಲ್ಲಿ ಹಿಡಿಯುವ ದಾರಿ ಇದೆ. ಮುಂದೆ ಸಂಬಳ ಕೊಡುವ ಉದ್ದೇಶವೇ ಇಲ್ಲದವರಿಗೆ ಆ ದಾರಿ ಇಲ್ಲ, ಅದಕ್ಕೇ ಅವರು ಮುಂಚಿತವಾಗಿ ಕೇಳುತ್ತಾರೆ. ‘ಹಾಗಾದರೆ ಮೊದಲ ತಿಂಗಳ ಸಂಬಳದಲ್ಲಿ ಮುರಿದುಕೊಳ್ಳಿ’ ಎಂದು ಒಮ್ಮೆ ಹೇಳಿ ನೋಡಬೇಕು. ಮೋಸಗಾರರು ಇದಕ್ಕೆ ಎಂದೂ ಒಪ್ಪುವುದಿಲ್ಲ.

ಇನ್ನೊಂದು ಗುರುತು ಹಣ ಹೋಗುವ ಖಾತೆ. ಯು.ಪಿ.ಐ.ಯಲ್ಲಿ ಪಿನ್ ಒತ್ತುವ ಮೊದಲು ಪಡೆಯುವವರ ಹೆಸರು ತೆರೆಯ ಮೇಲೆ ಕಾಣುತ್ತದೆ. ಅಲ್ಲಿ ಒಬ್ಬ ವ್ಯಕ್ತಿಯ ಹೆಸರೋ, ಸಂಬಂಧವಿಲ್ಲದ ಯಾವುದೋ ಅಂಗಡಿಯ ಹೆಸರೋ ಇದ್ದರೆ ನಿಲ್ಲಿಸಬೇಕು. ‘ಅವರು ನಮ್ಮ ಅಕೌಂಟೆಂಟ್’ ಎಂಬ ಉತ್ತರ ಒಪ್ಪುವಂಥದ್ದಲ್ಲ. ಕಂಪನಿಯ ಹೆಸರನ್ನೇ ಹೋಲುವ ಹೆಸರಿನಲ್ಲಿ ಖಾತೆ ತೆರೆದಿರುವ ಸಾಧ್ಯತೆಯೂ ಇರುವುದರಿಂದ, ಹೆಸರು ಸರಿಯಾಗಿ ಕಂಡಿತೆಂದ ಮಾತ್ರಕ್ಕೆ ಕಟ್ಟಬಾರದು.

ಗೇಟ್ ಪಾಸಿನ ವಿಷಯ ಈ ಉದಾಹರಣೆಗೆ ವಿಶೇಷವಾದದ್ದು. ವಿಮಾನ ನಿಲ್ದಾಣದ ಒಳಗೆ ಕೆಲಸ ಮಾಡುವವರಿಗೆ ಪ್ರವೇಶ ಪಾಸ್ ಬೇಕೇ ಬೇಕು. ಅದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ವ್ಯವಸ್ಥೆಗೆ ಸೇರಿದ್ದು, ಅದಕ್ಕೆ ಪೊಲೀಸ್ ಪರಿಶೀಲನೆಯೂ ಬೇಕು. ಆದರೆ ಅದಕ್ಕೆ ಅರ್ಜಿ ಹಾಕುವುದು ಕೆಲಸಕ್ಕೆ ಇಟ್ಟುಕೊಂಡ ಸಂಸ್ಥೆ. ಅಭ್ಯರ್ಥಿ ಫೋನಿನಲ್ಲಿ ಹಣ ಕಟ್ಟಿ ಪಡೆಯುವ ವಸ್ತು ಅದಲ್ಲ. ಮೋಸಗಾರರು ಹೀಗೆ ನಿಜವಾಗಿ ಇರುವ ಒಂದು ನಿಯಮವನ್ನು ಹಿಡಿದು ಅದಕ್ಕೆ ಇಲ್ಲದ ಶುಲ್ಕ ಜೋಡಿಸುತ್ತಾರೆ. ಬ್ಯಾಂಕ್ ಕೆಲಸವಾದರೆ ‘ದಾಖಲೆ ಪರಿಶೀಲನೆ’, ಮನೆಯಿಂದ ಮಾಡುವ ಕೆಲಸವಾದರೆ ‘ಲ್ಯಾಪ್‌ಟಾಪ್ ಠೇವಣಿ’, ಕಾರ್ಖಾನೆ ಕೆಲಸವಾದರೆ ‘ವೈದ್ಯಕೀಯ ತಪಾಸಣೆ’. ಹೆಸರು ಬೇರೆ, ಕೆಲಸ ಒಂದೇ.

ಆಫರ್ ಲೆಟರ್ ಪರೀಕ್ಷಿಸುವುದು

ಲಾಂಛನ, ಸೀಲು, ಸಹಿ ಇವು ಮೂರನ್ನೂ ಯಾರು ಬೇಕಾದರೂ ಕಂಪ್ಯೂಟರ್‌ನಲ್ಲಿ ಅಂಟಿಸಬಹುದು. ಹಾಗಾಗಿ ಪತ್ರದ ಅಂದ ನೋಡಿ ತೀರ್ಮಾನಿಸಬಾರದು. ಪತ್ರ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಭಾಗವನ್ನು ಓದಬೇಕು. ಕಂಪನಿಯ ತಾಣ `example.com` ಎಂದಿದ್ದರೆ ಅದರ ಸಿಬ್ಬಂದಿಯ ಇಮೇಲ್ ಸಾಮಾನ್ಯವಾಗಿ `@example.com` ಎಂದೇ ಕೊನೆಯಾಗುತ್ತದೆ. `example.hr@gmail.com` ಎಂದೋ `hr@example-careers.in` ಎಂದೋ ಬಂದಿದ್ದರೆ ಅದು ಬೇರೆಯವರು ಮಾಡಿಕೊಂಡ ವಿಳಾಸವಾಗಿರಬಹುದು. ನಡುವೆ ಒಂದು ಗೆರೆಯೋ ಹೆಚ್ಚಿನ ಪದವೋ ಸೇರಿದ್ದನ್ನು ಅವಸರದಲ್ಲಿ ಕಣ್ಣು ತಪ್ಪಿಸಿಕೊಳ್ಳುತ್ತದೆ. ಅಕ್ಷರ ಅಕ್ಷರವಾಗಿ ಓದಬೇಕು.

ಮುಂದಿನ ಹೆಜ್ಜೆ ಎಲ್ಲಕ್ಕಿಂತ ಮುಖ್ಯ. ಪತ್ರದಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ‘ಇದು ನಿಜವೇ’ ಎಂದು ಕೇಳಿದರೆ ಏನೂ ಪ್ರಯೋಜನವಿಲ್ಲ, ಉತ್ತರಿಸುವವರು ಅವರೇ. ಕಂಪನಿಯ ಅಧಿಕೃತ ತಾಣವನ್ನು ತಾವೇ ವಿಳಾಸ ಬರೆದು ತೆರೆದು, ಅಲ್ಲಿರುವ ನಂಬರಿಗೋ ಇಮೇಲ್‌ಗೋ ಪತ್ರದ ಪ್ರತಿ ಕಳಿಸಿ ಕೇಳಬೇಕು. ಹುಡುಕಾಟದಲ್ಲಿ ಮೊದಲು ಕಾಣುವ ‘ಕಸ್ಟಮರ್ ಕೇರ್’ ನಂಬರನ್ನೂ ನಂಬಬಾರದು, ಅವುಗಳಲ್ಲೂ ನಕಲಿಗಳಿವೆ. ದೊಡ್ಡ ಕಂಪನಿಗಳ ಉದ್ಯೋಗ ಪುಟದಲ್ಲಿ ‘ನಾವು ಅಭ್ಯರ್ಥಿಗಳಿಂದ ಹಣ ಪಡೆಯುವುದಿಲ್ಲ’ ಎಂಬ ಎಚ್ಚರಿಕೆ ಅನೇಕ ಸಲ ಅಲ್ಲೇ ಬರೆದಿರುತ್ತದೆ. ಕಚೇರಿ ಹತ್ತಿರದ ಊರಿನಲ್ಲಿದ್ದರೆ ಬಸ್ ಹತ್ತಿ ಹೋಗಿ ವಿಚಾರಿಸುವುದೇ ಉತ್ತಮ. ಬಸ್ಸಿನ ಖರ್ಚು ಮೊದಲ ಕಂತಿಗಿಂತ ಕಡಿಮೆ.

ಹೆಸರು ಕೇಳಿರದ ಸಣ್ಣ ಕಂಪನಿಯಾದರೆ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ `mca.gov.in` ತಾಣದಲ್ಲಿ ನೋಂದಣಿ ನೋಡಬಹುದು. ನೋಂದಾಯಿತ ಕಂಪನಿಗೆ 21 ಅಕ್ಷರ ಮತ್ತು ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಆದರೆ ಇದಕ್ಕೂ ಮಿತಿಯಿದೆ. ಮೋಸಗಾರರು ನಿಜವಾದ ಕಂಪನಿಯ ಸಂಖ್ಯೆಯನ್ನೇ ಕದ್ದು ಪತ್ರದಲ್ಲಿ ಹಾಕುತ್ತಾರೆ. ಸಂಖ್ಯೆ ಸರಿಯಿದ್ದರೆ ಆ ಕಂಪನಿ ಇದೆ ಎಂದಷ್ಟೇ ಅರ್ಥ. ಪತ್ರ ಅದರದೇ ಎಂದು ಅರ್ಥವಲ್ಲ.

ನ್ಯಾಯವಾದ ಶುಲ್ಕ ಯಾವುದು?

‘ಸರ್ಕಾರಿ ಕೆಲಸಕ್ಕೂ ಶುಲ್ಕ ಕಟ್ಟುತ್ತೇವಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಅದು ನಿಜ. ಕರ್ನಾಟಕ ಲೋಕಸೇವಾ ಆಯೋಗ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ರೈಲ್ವೆ ನೇಮಕಾತಿ ಮಂಡಳಿ, ಬ್ಯಾಂಕ್ ಹುದ್ದೆಗಳ ಪರೀಕ್ಷೆ ನಡೆಸುವ ಐ.ಬಿ.ಪಿ.ಎಸ್. ಇವೆಲ್ಲ ಅರ್ಜಿ ಶುಲ್ಕ ಪಡೆಯುತ್ತವೆ. ವ್ಯತ್ಯಾಸ ತಿಳಿಯಲು ಮೂರು ಸಂಗತಿ ನೋಡಿದರೆ ಸಾಕು.

ಒಂದು, ಸಮಯ. ಪರೀಕ್ಷಾ ಶುಲ್ಕ ಅರ್ಜಿಯ ಜೊತೆಗೆ, ಪರೀಕ್ಷೆಗೆ ಮೊದಲು, ಒಂದೇ ಸಲ ಕಟ್ಟುವಂಥದ್ದು. ಆಯ್ಕೆಯಾದ ಮೇಲೆ ನೇಮಕಾತಿ ಆದೇಶಕ್ಕೆಂದು ಶುಲ್ಕವಿಲ್ಲ. ಎರಡು, ಬರಹ. ಆ ಶುಲ್ಕ ಎಷ್ಟು, ಯಾರಿಗೆ ರಿಯಾಯಿತಿ ಎಂಬುದು ಎಲ್ಲರೂ ಓದಬಹುದಾದ ಅಧಿಸೂಚನೆಯಲ್ಲೇ ಇರುತ್ತದೆ. ಮೂರು, ದಾರಿ. ಹಣ ಹೋಗುವುದು ಅಧಿಕೃತ ತಾಣದ ಮೂಲಕ, ಫೋನಿನಲ್ಲಿ ಹೇಳಿದ ನಂಬರಿಗೆ ಅಲ್ಲ.

ಪೊಲೀಸ್ ಪರಿಶೀಲನಾ ಪತ್ರ ಬೇಕೆಂದು ಕಂಪನಿ ಕೇಳಿದರೆ ಅಭ್ಯರ್ಥಿಯೇ ರಾಜ್ಯದ ಸೇವಾ ಸಿಂಧು ತಾಣದಲ್ಲಿ ಅರ್ಜಿ ಹಾಕಿ ಸರ್ಕಾರಿ ಶುಲ್ಕ ಕಟ್ಟಿ ಪಡೆಯಬಹುದು. ವೈದ್ಯಕೀಯ ತಪಾಸಣೆಯಾದರೆ ಆಸ್ಪತ್ರೆಗೇ ಹೋಗಿ ಅಲ್ಲಿಯೇ ಬಿಲ್ಲು ಪಡೆಯಬಹುದು. ‘ನಾವೇ ಮಾಡಿಸುತ್ತೇವೆ, ಹಣ ಕಳಿಸಿ’ ಎಂದರೆ ‘ಬೇಡ, ನಾನೇ ಮಾಡಿಸಿ ತರುತ್ತೇನೆ’ ಎನ್ನಬೇಕು. ನಿಜವಾದ ನೇಮಕದಾರರಿಗೆ ಇದರಿಂದ ತೊಂದರೆಯಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯ `ncs.gov.in` ತಾಣದಲ್ಲಿ ಕೆಲಸ ಹುಡುಕುವವರ ನೋಂದಣಿಯೂ ಉಚಿತ.

ಪರೀಕ್ಷೆಯಿಲ್ಲದೆ ‘ನೇರ ನೇಮಕ’, ‘ಒಳಗಿನವರ ಕೋಟಾ’ ಎಂದು ಲಕ್ಷಗಟ್ಟಲೆ ಕೇಳುವವರ ಕಥೆ ಇನ್ನೂ ಕೆಟ್ಟದು. ಅಲ್ಲಿ ಹಣ ಕೊಟ್ಟವರು ತಾವೂ ತಪ್ಪಿನಲ್ಲಿ ಪಾಲುದಾರರಾದೆವು ಎಂದು ದೂರು ಕೊಡಲು ಹೆದರುತ್ತಾರೆ. ಆ ಹೆದರಿಕೆಯೇ ಮೋಸಗಾರರ ರಕ್ಷಣೆ.

ವಿದೇಶದ ಕೆಲಸವಾದರೆ

ವಿದೇಶಿ ಉದ್ಯೋಗದಲ್ಲಿ ಮಾತ್ರ ಏಜೆಂಟರು ಶುಲ್ಕ ಪಡೆಯುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ, ಅದಕ್ಕೆ ಮಿತಿಯೂ ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ಜನರನ್ನು ವಿದೇಶಿ ಕೆಲಸಕ್ಕೆ ಕಳಿಸುವ ಏಜೆಂಟರು ಕೇಂದ್ರ ವಿದೇಶಾಂಗ ಸಚಿವಾಲಯದ ವಲಸೆ ಅಧಿಕಾರಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ಕಾಯ್ದೆಯ ನಿಯಮಗಳಂತೆ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ., ಅದಕ್ಕೂ ರಸೀದಿ ಕೊಡಬೇಕು. ಎರಡು ಲಕ್ಷ, ಮೂರು ಲಕ್ಷ ಕೇಳುವವರು ನೋಂದಾಯಿತರೇ ಆಗಿದ್ದರೂ ನಿಯಮ ಮೀರಿದವರೇ.

ಏಜೆಂಟರ ಹೆಸರು `emigrate.gov.in` ತಾಣದ ಪಟ್ಟಿಯಲ್ಲಿ ಇದೆಯೇ, ನೋಂದಣಿ ಈಗಲೂ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಊರಿನ ‘ಸಬ್ ಏಜೆಂಟ್’ ಮೂಲಕ ವ್ಯವಹಾರ ಬೇಡ. ‘ಈಗ ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸಿಕೊಡುತ್ತೇವೆ’ ಎಂಬ ಮಾತು ಬಂದರೆ ಅಲ್ಲಿಗೇ ಬಿಡಬೇಕು.

ಇದು ಬರೀ ಹಣದ ಮಾತಲ್ಲ. ಥಾಯ್ಲೆಂಡಿನಲ್ಲಿ ಒಳ್ಳೆಯ ಕಂಪ್ಯೂಟರ್ ಕೆಲಸವೆಂದು ಹೇಳಿ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿಗೆ ಕರೆದೊಯ್ದು, ಬಂಧನದಲ್ಲಿಟ್ಟು ಆನ್‌ಲೈನ್ ವಂಚನೆಯ ಕೆಲಸಕ್ಕೆ ಹಚ್ಚುತ್ತಿರುವ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಕೆ ಹೊರಡಿಸಿತ್ತು. ಕಾಂಬೋಡಿಯಾ ಮತ್ತು ಲಾವೋಸ್‌ನಿಂದಲೂ ಇಂಥ ದೂರುಗಳು ಬಂದು ಭಾರತೀಯರನ್ನು ಬಿಡಿಸಿ ತರಲಾಗಿದೆ.

ಹಣ ಕಟ್ಟಿಯಾಗಿದ್ದರೆ

ಮೊದಲು ಮುಂದಿನ ಕಂತು ನಿಲ್ಲಿಸಬೇಕು. ‘ಇನ್ನೊಂದು ಸಲ ಕಟ್ಟಿದರೆ ಎಲ್ಲವೂ ವಾಪಸ್’ ಎಂಬ ಮಾತು ಎಷ್ಟೇ ಖಚಿತವಾಗಿ ಕೇಳಿಸಿದರೂ ಕಟ್ಟಬಾರದು.

ತಕ್ಷಣ ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಅಥವಾ `cybercrime.gov.in` ತಾಣದಲ್ಲಿ ದೂರು ದಾಖಲಿಸಬೇಕು. ಇಲ್ಲಿ ಸಮಯದ ಬೆಲೆ ಏನೆಂದರೆ, ದೂರು ಬಂದ ಕೂಡಲೇ ಹಣ ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿಯುತ್ತಾರೆ. ಮೋಸಗಾರರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗ ಬೇಗ ಸಾಗಿಸುತ್ತಾರೆ. ಒಂದು ಗಂಟೆಯೊಳಗೆ ಹೇಳಿದರೆ ಉಳಿಯಬಹುದಾದ ಹಣ, ವಾರ ಬಿಟ್ಟು ಹೇಳಿದರೆ ಸಿಗುವುದು ಕಷ್ಟ. ತಾವೇ ಪಿನ್ ಒತ್ತಿ ಕಳಿಸಿದ ಹಣವನ್ನು ಬ್ಯಾಂಕು ತನ್ನ ಕೈಯಿಂದ ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಆದ್ದರಿಂದ ತಡೆಹಿಡಿಯುವುದೇ ಮುಖ್ಯ ದಾರಿ.

ಕರೆ ಮಾಡುವಾಗ ನಾಲ್ಕು ವಿವರ ಕೈಯಲ್ಲಿರಲಿ: ಹಣ ಹೋದ ದಿನ ಮತ್ತು ಸಮಯ, ಮೊತ್ತ, ಹಣ ಪಡೆದ ಯು.ಪಿ.ಐ. ಹೆಸರು ಅಥವಾ ಖಾತೆ ಸಂಖ್ಯೆ, ಮತ್ತು ಪ್ರತಿ ಪಾವತಿಯ ವಹಿವಾಟು ಸಂಖ್ಯೆ. ಉದಾಹರಣೆಯ ಮನೆಯವರು ಐದು ಸಲ ಕಟ್ಟಿದ್ದಾರೆ. ಐದಕ್ಕೂ ಬೇರೆ ಬೇರೆ ಸಂಖ್ಯೆ ಇರುತ್ತದೆ, ಖಾತೆಗಳೂ ಬೇರೆ ಇರಬಹುದು. ಐದನ್ನೂ ಕೊಡಬೇಕು. ವಾಟ್ಸಾಪ್ ಮಾತುಕತೆ, ಆಫರ್ ಲೆಟರ್, ಇಮೇಲ್ ಇವನ್ನು ಸಿಟ್ಟಿನಲ್ಲೋ ನಾಚಿಕೆಯಲ್ಲೋ ಅಳಿಸಬಾರದು. ಸಿಕ್ಕ ದೂರು ಸಂಖ್ಯೆಯನ್ನು ಬರೆದಿಟ್ಟುಕೊಂಡು ತಮ್ಮ ಬ್ಯಾಂಕಿನ ಶಾಖೆಗೂ ಬರಹದಲ್ಲಿ ತಿಳಿಸಬೇಕು.

ನಂತರ ಜಿಲ್ಲೆಯ ಸೈಬರ್ ಅಪರಾಧಗಳನ್ನು ನೋಡುವ ಸಿ.ಇ.ಎನ್. ಪೊಲೀಸ್ ಠಾಣೆಗೆ ಹೋಗಬೇಕು. ‘ಮೋಸ ಮಾಡಿದವನು ಬೇರೆ ರಾಜ್ಯದವನು, ಇಲ್ಲಿ ದೂರು ತೆಗೆದುಕೊಳ್ಳುವುದಿಲ್ಲ’ ಎಂದು ಹೆದರಬೇಕಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ನೀಡುವ ಅವಕಾಶ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ವಂಚಿಸಿ ಹಣ ಪಡೆಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಿದೆ.

ದೂರು ಕೊಟ್ಟ ಕೆಲವು ದಿನಗಳ ಮೇಲೆ ‘ನಿಮ್ಮ ಹಣ ವಸೂಲಿ ಮಾಡಿಕೊಡುತ್ತೇವೆ, ಕಡತದ ಶುಲ್ಕ ಕಟ್ಟಿ’ ಎಂದು ವಕೀಲರ ಹೆಸರಿನಲ್ಲೋ ಸೈಬರ್ ಅಧಿಕಾರಿಯ ಹೆಸರಿನಲ್ಲೋ ಕರೆ ಬರಬಹುದು. ಅದೂ ಅದೇ ಜಾಲದ ಇನ್ನೊಂದು ಕಂತು.

ಹಣಕ್ಕಿಂತ ದೊಡ್ಡ ಅಪಾಯ

ಆಫರ್ ಲೆಟರ್ ಬರುವ ಮೊದಲು ಆಧಾರ್, ಪ್ಯಾನ್, ಭಾವಚಿತ್ರ, ರದ್ದು ಮಾಡಿದ ಚೆಕ್ ಕಳಿಸಿರುತ್ತಾರೆ. ಇಷ್ಟಿದ್ದರೆ ಆ ಹೆಸರಿನಲ್ಲಿ ಸಿಮ್ ಪಡೆಯಲು, ಸಾಲಕ್ಕೆ ಅರ್ಜಿ ಹಾಕಲು ಪ್ರಯತ್ನಿಸಬಹುದು. ಹೀಗೆ ಕಳಿಸಿದವರು `sancharsaathi.gov.in` ತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂದು ನೋಡಿ, ತಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬೇಕು. ಆಧಾರ್ ತಾಣದಲ್ಲಿ ಬೆರಳಚ್ಚು ಮಾಹಿತಿಗೆ ಬೀಗ ಹಾಕಿಕೊಳ್ಳಬೇಕು. ಸಾಲದ ವಿವರ ಇಡುವ ಕ್ರೆಡಿಟ್ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತ ವರದಿ ಕೊಡುತ್ತವೆ. ತಾವು ಮಾಡದ ಸಾಲ ಅದರಲ್ಲಿದೆಯೇ ನೋಡಬೇಕು.

ಇದಕ್ಕಿಂತ ಗಂಭೀರವಾದದ್ದು ‘ಸಂಬಳದ ಖಾತೆ’ಯ ಮಾತು. ಹೊಸ ಖಾತೆ ತೆರೆದು ಅದರ ಎ.ಟಿ.ಎಂ. ಕಾರ್ಡ್, ಪಾಸ್‌ಬುಕ್, ಆ ಖಾತೆಗೆ ಜೋಡಿಸಿದ ಸಿಮ್ ಎಲ್ಲವನ್ನೂ ಕಂಪನಿಗೆ ಕಳಿಸಿ ಎಂದು ಕೆಲವರಿಗೆ ಹೇಳುತ್ತಾರೆ. ಇನ್ನು ಕೆಲವರಿಗೆ ‘ನಿಮ್ಮ ಖಾತೆಗೆ ಬರುವ ಹಣವನ್ನು ನಾವು ಹೇಳಿದ ಕಡೆ ಕಳಿಸುವುದೇ ಕೆಲಸ, ಕಮಿಷನ್ ನಿಮಗೆ’ ಎನ್ನುತ್ತಾರೆ. ಹಾಗೆ ಬರುವ ಹಣ ಇನ್ನೊಬ್ಬರಿಂದ ವಂಚಿಸಿದ್ದು. ಪೊಲೀಸರು ಹಣದ ಜಾಡು ಹಿಡಿದು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಕೆಲಸ ಹುಡುಕಲು ಹೋದ ಹುಡುಗ ಆರೋಪಿಯಾಗಿ ನಿಲ್ಲುತ್ತಾನೆ. ಕಾರ್ಡು, ಸಿಮ್, ಪಾಸ್‌ವರ್ಡ್, ಓ.ಟಿ.ಪಿ. ಇವನ್ನು ಯಾವ ಉದ್ಯೋಗದಾತರೂ ಕೇಳುವುದಿಲ್ಲ. ಆಗಲೇ ಕೊಟ್ಟಿದ್ದರೆ ಅದೇ ದಿನ ಶಾಖೆಗೆ ಹೋಗಿ ಖಾತೆ ನಿಲ್ಲಿಸಿ, 1930ಕ್ಕೂ ತಿಳಿಸಬೇಕು.

ಮೂಲ ಅಂಕಪಟ್ಟಿಗಳ ವಿಷಯವೂ ಹೀಗೆಯೇ. ಪರಿಶೀಲನೆಗೆ ಮೂಲ ಪ್ರತಿ ತೋರಿಸಬಹುದು, ಕೊಟ್ಟು ಬರಬಾರದು. ‘ಬಾಂಡ್ ಮುಗಿಯುವವರೆಗೆ ನಮ್ಮಲ್ಲಿರಲಿ’ ಎಂದು ಇಟ್ಟುಕೊಂಡವರು ಆಮೇಲೆ ಅದನ್ನು ಬಿಡಿಸಿಕೊಳ್ಳಲೂ ಹಣ ಕೇಳುತ್ತಾರೆ.

ಗುಂಪಿಗೆ ಹಾಕುವ ಮೊದಲು

ಸಮಾಜದ ಗುಂಪುಗಳಲ್ಲಿ ಉದ್ಯೋಗದ ಸುದ್ದಿ ಹಂಚುವವರು ಮೂರು ವಿವರ ಇಲ್ಲದ ಸಂದೇಶವನ್ನು ಮುಂದೆ ಕಳಿಸದಿರುವುದು ಒಳಿತು: ಕಂಪನಿಯ ಪೂರ್ಣ ಹೆಸರು ಮತ್ತು ವಿಳಾಸ, ಅದೇ ಹುದ್ದೆಯ ಜಾಹೀರಾತು ಇರುವ ಅಧಿಕೃತ ತಾಣದ ಪುಟ, ಮತ್ತು ಅಭ್ಯರ್ಥಿಯಿಂದ ಯಾವ ಹಣವನ್ನೂ ಪಡೆಯುವುದಿಲ್ಲ ಎಂಬ ಮಾತು. ತಮ್ಮ ಪರಿಚಯದವರ ಅಂಗಡಿ ಅಥವಾ ಕಾರ್ಖಾನೆಯ ಕೆಲಸವಾಗಿದ್ದರೆ ಮಾಲೀಕರೊಡನೆ ತಾವೇ ಮಾತಾಡಿದ್ದೇವೆಂದು ಬರೆದರೆ ಓದುವವರಿಗೂ ಅನುಕೂಲ. ಮೊದಲೇ ಹಾಕಿದ ಸಂದೇಶ ನಕಲಿ ಎಂದು ತಿಳಿದರೆ ಸುಮ್ಮನೆ ಅಳಿಸದೆ, ‘ಇದು ಮೋಸ, ಯಾರೂ ಹಣ ಕಟ್ಟಬೇಡಿ’ ಎಂದು ಅದೇ ಗುಂಪಿನಲ್ಲಿ ಬರೆಯಬೇಕು. ಅಷ್ಟರಲ್ಲಿ ಮೊದಲ ಕಂತು ಕಟ್ಟಿದವರು ಆ ಗುಂಪಿನಲ್ಲೇ ಇರಬಹುದು. ಅವರು ಎರಡನೆಯದನ್ನು ಕಟ್ಟದಂತೆ ತಡೆಯಲು ಆ ಒಂದು ಸಾಲು ಸಾಕು.